ಕಡಿದ ಕೇಬಲ್‌ಗೆ ಬೆಸುಗೆಯ ತೇಪೆ

ಇಲಿ ಕಡಿದ ಚಾರ್ಜಿಂಗ್ ಕೇಬಲ್ಲಿನ ಸಿಪ್ಪೆ ಸುಲಿದರೆ ಒಳಗೆ ಸಾಮಾನ್ಯವಾಗಿ ಕಾಣುವುದು ನಾಲ್ಕು ತಂತಿ: ಕೆಂಪು, ಕಪ್ಪು, ಹಸಿರು, ಬಿಳಿ. ಬಣ್ಣಕ್ಕೆ ಬಣ್ಣ ಸೇರಿಸಿ ತಿರುಚಿ, ಮೇಲೊಂದಿಷ್ಟು ಸೋಲ್ಡರ್ ಕರಗಿಸಿ, ಟೇಪು ಸುತ್ತಿದರೆ ಮುಗಿಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗೆ ಮಾಡಿ ಸಿಕ್ಕಿಸಿದರೆ ಫೋನು ಚಾರ್ಜ್ ಕೂಡ ಆಗುತ್ತದೆ. ತೊಂದರೆ ಶುರುವಾಗುವುದು ಆಮೇಲೆ.

ಕೆಂಪು ಮತ್ತು ಕಪ್ಪು ತಂತಿಗಳು ಕರೆಂಟು ಹೊರುತ್ತವೆ, ಹಸಿರು ಮತ್ತು ಬಿಳಿ ಮಾಹಿತಿ ಸಾಗಿಸುತ್ತವೆ. ಈಗಿನ ಟೈಪ್-ಸಿ ಕೇಬಲ್ಲಿನಲ್ಲಿ 3 ಆಂಪಿಯರ್ ಹರಿಯುವುದು ಮಾಮೂಲು. ಕೆಂಪು ತಂತಿಯ ಬೆಸುಗೆ ಸರಿಯಾಗಿ ಹಿಡಿಯದೆ ಅಲ್ಲಿ ಬರೀ 0.1 ಓಮ್ ಹೆಚ್ಚುವರಿ ರೋಧ ಉಳಿಯಿತು ಎಂದುಕೊಳ್ಳೋಣ. 3 ಆಂಪಿಯರಿಗೆ ಅಲ್ಲೇ 0.3 ವೋಲ್ಟ್ ಕಳೆದುಹೋಗುತ್ತದೆ. ಇಡೀ ಕೇಬಲ್ಲಿನ ಕೆಂಪು ತಂತಿಯಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಇಳಿಯಬಾರದು ಎನ್ನುತ್ತದೆ ಟೈಪ್-ಸಿ ಮಾನದಂಡ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು ಒಂದೇ ಗಂಟು ನುಂಗಿತು. ಫೋನು ವೋಲ್ಟೇಜ್ ಇಳಿದದ್ದನ್ನು ಗಮನಿಸಿ ತಾನೇ ಕಡಿಮೆ ಕರೆಂಟು ಎಳೆಯಬಹುದು. 'ಯಾಕೋ ನಿಧಾನ' ಎಂದು ಮನೆಯವರು ದೂರುವುದು ಆಗಲೇ.

ಕಳೆದುಹೋದದ್ದು ಶಾಖವಾಗುತ್ತದೆ. 0.3 ವೋಲ್ಟ್ ಗುಣಿಸು 3 ಆಂಪಿಯರ್ ಅಂದರೆ 0.9 ವ್ಯಾಟ್. ಒಂದು ಮೀಟರ್ ಉದ್ದಕ್ಕೆ ಹರಡಿದ್ದರೆ ಅದು ಕೈಗೂ ತಿಳಿಯುತ್ತಿರಲಿಲ್ಲ. ಇಲ್ಲಿ ಅಕ್ಕಿ ಕಾಳಿನಷ್ಟು ಜಾಗದಲ್ಲಿ, ಪ್ಲಾಸ್ಟಿಕ್ ಟೇಪಿನ ಸುತ್ತಿನೊಳಗೆ, ಬಹಳ ಸಲ ತಲೆದಿಂಬಿನ ಅಡಿಯಲ್ಲಿ ಕೂತಿರುತ್ತದೆ. ಬಿಸಿಗೆ ಟೇಪಿನ ಅಂಟು ಕರಗಿ ಜಾರುತ್ತದೆ, ಒಳಗಿನ ತಂತಿಗಳು ಒಂದಕ್ಕೊಂದು ತಾಗುವ ದಾರಿ ತೆರೆಯುತ್ತದೆ.

ಚೆನ್ನಾಗಿ ಹಿಡಿದ ಬೆಸುಗೆಗೂ ಒಂದು ಕಾಯಿಲೆ ಇದೆ. ಕೇಬಲ್ಲು ಬಳುಕುವುದು ಪ್ರತಿ ತಂತಿಯೊಳಗೆ ಕೂದಲಿನಂಥ ಹತ್ತಾರು ತಾಮ್ರದ ಎಳೆಗಳಿರುವುದರಿಂದ. ಕರಗಿದ ಸೋಲ್ಡರ್ ಆ ಎಳೆಗಳ ನಡುವೆ ಒಳಕ್ಕೆ ಹೀರಿಕೊಂಡು ಹೋಗಿ ಅಷ್ಟುದ್ದವನ್ನೂ ಕಡ್ಡಿ ಮಾಡಿಬಿಡುತ್ತದೆ. ಕಡ್ಡಿಯಾದ ಭಾಗ ಮುಗಿದು ಮೆತ್ತನೆಯ ತಂತಿ ಶುರುವಾಗುವ ಅಂಚಿನಲ್ಲೇ ಪ್ರತಿ ಮಡಿಕೆಯ ಒತ್ತಡ ಬೀಳುತ್ತದೆ. ಎಳೆಗಳು ಅಲ್ಲಿ ಒಂದೊಂದಾಗಿ ತುಂಡಾಗುತ್ತವೆ, ಉಳಿದವುಗಳ ಮೇಲೆ ಹೊರೆ ಏರುತ್ತದೆ. ಕೇಬಲ್ಲನ್ನು ಒಂದು ಭಂಗಿಯಲ್ಲಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತಿದ್ದರೆ ಈ ಹಂತ ಬಂದಿದೆ ಎಂದೇ ಲೆಕ್ಕ.

ಎರಡೂ ತುದಿಯಲ್ಲಿ ಟೈಪ್-ಸಿ ಇರುವ ಕೇಬಲ್ಲಿನಲ್ಲಿ ಇನ್ನೊಂದು ಸಣ್ಣ ತಂತಿ ಇರುತ್ತದೆ. ಎಷ್ಟು ವೋಲ್ಟ್ ಬೇಕು ಎಂದು ಫೋನು ಅಥವಾ ಲ್ಯಾಪ್‌ಟಾಪು ಚಾರ್ಜರಿನೊಂದಿಗೆ ಮಾತಾಡಿಕೊಳ್ಳುವುದು ಇದರಲ್ಲೇ. ಅದು ಕಡಿದಿದ್ದರೆ ಚಾರ್ಜರು ಕರೆಂಟನ್ನೇ ಬಿಡುವುದಿಲ್ಲ, ಅದೇನೋ ಒಳ್ಳೆಯದೇ. ಆದರೆ ಲ್ಯಾಪ್‌ಟಾಪ್ ಚಾರ್ಜರು 20 ವೋಲ್ಟ್ ಕೊಡುತ್ತಿರುವಾಗ, ಸುಮಾರು 5 ವೋಲ್ಟಿಗೆಂದು ಮಾಡಿದ ಆ ತಂತಿಗೆ ಪಕ್ಕದ ವಿದ್ಯುತ್ ತಂತಿ ತಾಗಿದರೆ ಸುಡುವುದು ಕೇಬಲ್ಲಲ್ಲ, ಸಾವಿರಾರು ರೂಪಾಯಿಯ ಬೋರ್ಡು. ಸಾಲದ್ದಕ್ಕೆ, ಅಗ್ಗದ ಕೇಬಲ್ಲುಗಳಲ್ಲಿ ಬಣ್ಣಗಳನ್ನೂ ನಂಬುವಂತಿಲ್ಲ.

ಸರಿಯಾಗಿ ಮಾಡಬೇಕೆಂದರೆ ಹೇಗೆ? ಮೊದಲು ಕೇಬಲ್ಲು ಎರಡೂ ಕಡೆಯಿಂದ ಕಳಚಿರಬೇಕು. ಹೀಟ್ ಶ್ರಿಂಕ್ ಕೊಳವೆಗಳನ್ನು, ಪ್ರತಿ ತಂತಿಗೊಂದು ಮತ್ತು ಒಟ್ಟಿಗೆ ಒಂದು ದೊಡ್ಡದು, ಬೆಸುಗೆಗೆ ಮುಂಚೆಯೇ ತೂರಿಸಿಡಬೇಕು. ಇದನ್ನು ಮರೆತು ಬೆಸೆದು ಮತ್ತೆ ಬಿಚ್ಚುವವರೇ ಹೆಚ್ಚು. ತಂತಿಗಳನ್ನು ಒಂದೇ ಜಾಗದಲ್ಲಿ ಕತ್ತರಿಸದೆ ಒಂದೊಂದನ್ನು ಒಂದೊಂದು ಉದ್ದಕ್ಕೆ ಕತ್ತರಿಸಿದರೆ ಗಂಟುಗಳು ಅಕ್ಕಪಕ್ಕ ಬರುವುದಿಲ್ಲ. ಎಲೆಕ್ಟ್ರಾನಿಕ್ಸಿಗೆಂದೇ ಇರುವ ರಾಳದ ಫ್ಲಕ್ಸ್ ಬೇಕು, ಕೊಳಾಯಿ ಬೆಸೆಯುವ ಆಮ್ಲದ ಫ್ಲಕ್ಸ್ ತಾಮ್ರವನ್ನು ನಿಧಾನವಾಗಿ ತಿಂದುಹಾಕುತ್ತದೆ. ಕಾದ ಐರನ್ ಒಂದೆರಡು ಸೆಕೆಂಡಿನಲ್ಲಿ ಕೆಲಸ ಮುಗಿಸಿ ದೂರ ಸರಿಯಬೇಕು, ಇಲ್ಲವಾದರೆ ತಂತಿಯ ಹೊದಿಕೆ ಕರಗಿ ಹಿಂದೆ ಸರಿಯುತ್ತದೆ. ಹೊರಗಿನ ಜಾಲರಿಯನ್ನೂ ಸೇರಿಸಿ, ಕೊನೆಗೆ ಒಳಗೆ ಅಂಟಿರುವ ದಪ್ಪ ಕೊಳವೆಯನ್ನು ಗಂಟಿನ ಆಚೀಚೆ ಸಾಕಷ್ಟು ಚಾಚುವಂತೆ ಕುಗ್ಗಿಸಿದರೆ ಎಳೆತ ಬೆಸುಗೆಯ ಮೇಲೆ ಬೀಳುವುದಿಲ್ಲ.

ಪರೀಕ್ಷೆಗೆ ಮಲ್ಟಿಮೀಟರಿನ 'ಬೀಪ್' ಸಾಲದು. ಯಾವ ತಂತಿಯೂ ಇನ್ನೊಂದಕ್ಕೆ ತಾಗಿಲ್ಲವೆಂದು ಅದು ಹೇಳೀತು, 0.1 ಓಮಿನ ತಪ್ಪನ್ನು ಹಿಡಿಯಲಾರದು. ಅದರ ಸ್ವಂತ ತಂತಿಗಳ ರೋಧವೇ ಅಷ್ಟಿರುತ್ತದೆ. ಯುಎಸ್‌ಬಿ ಮೀಟರನ್ನು ಫೋನಿನ ಕಡೆ ಸಿಕ್ಕಿಸಿ, ಚಾರ್ಜ್ ಆಗುತ್ತಿರುವಾಗ ವೋಲ್ಟೇಜ್ ನೋಡಿ, ಅಷ್ಟೇ ಉದ್ದದ ಒಳ್ಳೆಯ ಕೇಬಲ್ಲಿನೊಂದಿಗೆ ಹೋಲಿಸುವುದು ಸರಿಯಾದ ದಾರಿ. ಅರ್ಧ ಗಂಟೆಯ ನಂತರ ಗಂಟನ್ನು ಮುಟ್ಟಿ ನೋಡಿದಾಗ ಉಳಿದ ಕೇಬಲ್ಲಿಗಿಂತ ಬಿಸಿಯಾಗಿದ್ದರೆ ಅದನ್ನು ಕಸಕ್ಕೆ ಹಾಕುವುದೇ ಸರಿ.

ಇಷ್ಟೆಲ್ಲ ಸಾಧ್ಯವಾಗುವುದು ಕೇಬಲ್ಲು ನಡುವೆ ಕಡಿದಾಗ. ಹೆಚ್ಚಿನವು ಸಾಯುವುದು ಪಿನ್ನಿನ ಕತ್ತಿನಲ್ಲಿ, ಅಲ್ಲಿ ಬೆಸೆಯಲು ಉದ್ದವೇ ಸಿಗುವುದಿಲ್ಲ. ಟೈಪ್-ಸಿ ಪಿನ್ನಿನೊಳಗಿನ ಸಂಪರ್ಕಗಳ ನಡುವಿನ ಅಂತರ ಅರ್ಧ ಮಿಲಿಮೀಟರು. ಮನೆಯ ದಪ್ಪ ಮೂತಿಯ ಐರನ್ನಿಗೆ ಅದು ನಿಲುಕದ ಕೆಲಸ. ಫೋನಿನ ಕೇಬಲ್ಲಾದರೆ ಹೊಸದು ಕೊಳ್ಳುವುದೇ ಅಗ್ಗ. ರಿಪೇರಿಗೆ ಅರ್ಥವಿರುವುದು ಕೇಬಲ್ಲು ಪೆಟ್ಟಿಗೆಗೇ ಅಂಟಿಕೊಂಡಿರುವ ಹಳೆಯ ಲ್ಯಾಪ್‌ಟಾಪ್ ಚಾರ್ಜರಿನಲ್ಲಿ. ಅಲ್ಲಿ ನುರಿತವರು ಗಂಟು ಹಾಕದೆ ಪೆಟ್ಟಿಗೆ ತೆರೆದು, ಪಿನ್ ಸಮೇತ ಇಡೀ ಹೊಸ ತಂತಿಯನ್ನು ಬೋರ್ಡಿಗೆ ಬೆಸೆಯುತ್ತಾರೆ. ಪೆಟ್ಟಿಗೆಯೊಳಗಿನ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ ಸುಮಾರು 300 ವೋಲ್ಟ್ ಕೆಲಹೊತ್ತು ಉಳಿದಿರಬಹುದಾದ್ದರಿಂದ ಅದು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆಯ ರಿಪೇರಿ ಅಂಗಡಿಯವರ ಕೆಲಸ, ಊಟದ ಮೇಜಿನದಲ್ಲ.