ಮಾನಿಟರ್ ಕೊಳ್ಳುವ ಮೊದಲು ಕಾರ್ಡಿನ ಶಕ್ತಿ ಅಳೆಯಿರಿ

ಮಾನಿಟರ್ ಡಬ್ಬದ ಮೇಲೆ '4ಕೆ, 144 ಹರ್ಟ್ಸ್' ಎಂದು ಬರೆದಿದ್ದರೆ ಅದು ಪರದೆ ಎಷ್ಟನ್ನು ತೋರಿಸಬಲ್ಲದು ಎಂಬ ಲೆಕ್ಕವಷ್ಟೇ. ಸೆಕೆಂಡಿಗೆ 144 ಚಿತ್ರಗಳನ್ನು ಸಿದ್ಧಪಡಿಸಿ ಕೊಡಬೇಕಾದದ್ದು ಗ್ರಾಫಿಕ್ಸ್ ಕಾರ್ಡ್. ಅದಕ್ಕೆ ಆಗದಿದ್ದರೆ ಗೇಮ್ ಆಡುವವರು ಕೊಟ್ಟ ದುಡ್ಡಿನ ಬಹುಪಾಲು ಬಳಕೆಗೇ ಬರುವುದಿಲ್ಲ.

ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 21 ಲಕ್ಷ ಪಿಕ್ಸೆಲ್‌ಗಳಿವೆ. 1440ಪಿ ಪರದೆಯಲ್ಲಿ ಸುಮಾರು 37 ಲಕ್ಷ, 4ಕೆಯಲ್ಲಿ 83 ಲಕ್ಷ. ಅಂದರೆ 4ಕೆಗೆ ಹೋದರೆ ಕಾರ್ಡ್ ಪ್ರತಿ ಚಿತ್ರಕ್ಕೂ ನಾಲ್ಕು ಪಟ್ಟು ಪಿಕ್ಸೆಲ್ ತುಂಬಬೇಕು. ಅದೂ 144 ಹರ್ಟ್ಸ್ ಬೇಕೆಂದರೆ ಒಂದೊಂದು ಚಿತ್ರಕ್ಕೆ ಸಿಗುವ ಸಮಯ 7 ಮಿಲಿಸೆಕೆಂಡಿಗಿಂತ ತುಸು ಕಡಿಮೆ.

ನಿಮ್ಮ ಬಳಿ ಆರ್‌ಟಿಎಕ್ಸ್ 4060 ಕಾರ್ಡ್ ಮತ್ತು ಹಳೆಯ ಫುಲ್ ಎಚ್‌ಡಿ ಮಾನಿಟರ್ ಇವೆ ಎಂದುಕೊಳ್ಳಿ. ಹೊಸ ಪರದೆ ತರದೆಯೇ ಅದರ ಹೊರೆಯನ್ನು ಈಗಲೇ ಪರೀಕ್ಷಿಸಬಹುದು. NVIDIA Control Panel ತೆರೆದು, Manage 3D settings ಪುಟದಲ್ಲಿ DSR - Factors ಆಯ್ಕೆಯಡಿ 1.78x ಮತ್ತು 4.00x ಗುರುತು ಹಾಕಿ. ಮೊದಲನೆಯದು 1440ಪಿ, ಎರಡನೆಯದು 4ಕೆ. ಇನ್ನು ಗೇಮಿನ ರೆಸಲ್ಯೂಷನ್ ಪಟ್ಟಿಯಲ್ಲಿ ಇವೂ ಕಾಣುತ್ತವೆ. ಕಾರ್ಡ್ ದೊಡ್ಡ ಚಿತ್ರವನ್ನೇ ಬಿಡಿಸಿ, ಹಳೆಯ ಪರದೆಗೆ ಹೊಂದುವಂತೆ ಕುಗ್ಗಿಸಿ ತೋರಿಸುತ್ತದೆ. ವಿ-ಸಿಂಕ್ ಆಫ್ ಮಾಡುವುದನ್ನು ಮರೆಯಬೇಡಿ. ಇಲ್ಲವಾದರೆ ಎಣಿಕೆ ಹಳೆಯ ಮಾನಿಟರಿನ 60ಕ್ಕೇ ನಿಂತುಬಿಡುತ್ತದೆ.

ಈಗ ನೀವು ಹೆಚ್ಚು ಆಡುವ ಗೇಮಿನಲ್ಲಿ ಅತಿ ಗದ್ದಲದ ದೃಶ್ಯಕ್ಕೆ ಹೋಗಿ ಫ್ರೇಮ್ ಎಣಿಕೆ ನೋಡಿ. ಫುಲ್ ಎಚ್‌ಡಿಯಲ್ಲಿ 90, 1440ಪಿಯಲ್ಲಿ 60, 4ಕೆಯಲ್ಲಿ 30 ಬಂತೆನ್ನಿ. ಆಗ 4ಕೆ ಆಸೆ ಬಿಡುವುದೇ ಸರಿ. ಎಲ್‌ಸಿಡಿ ಪರದೆ ತನ್ನ ಮೂಲ ರೆಸಲ್ಯೂಷನ್‌ನಲ್ಲಿ ಮಾತ್ರ ಪೂರ್ತಿ ಚೊಕ್ಕವಾಗಿ ಕಾಣುತ್ತದೆ. 4ಕೆ ಪರದೆ ತಂದು ಅದರಲ್ಲಿ 1440ಪಿ ಆಡಿದರೆ ಅಂಚುಗಳು ಮಸುಕಾಗುತ್ತವೆ. ಈ ಕಾರ್ಡಿಗೆ 1440ಪಿ ಒಪ್ಪುತ್ತದೆ. ಆದರೆ ಫ್ರೀಸಿಂಕ್ ಅಥವಾ ಜಿ-ಸಿಂಕ್ ಇರುವ ಮಾನಿಟರನ್ನೇ ಆರಿಸಿ. ಅದು ಕಾರ್ಡಿನ ವೇಗಕ್ಕೆ ತನ್ನ ವೇಗ ಹೊಂದಿಸಿಕೊಳ್ಳುವುದರಿಂದ ಫ್ರೇಮ್ ಎಣಿಕೆ ಏರಿಳಿದರೂ ಚಿತ್ರ ಅಡ್ಡಡ್ಡ ಹರಿದಂತೆ ಕಾಣುವುದಿಲ್ಲ.

ಕೆಲವು ಗೇಮ್‌ಗಳಲ್ಲಿ ಫುಲ್ ಎಚ್‌ಡಿಗೂ 1440ಪಿಗೂ ಎಣಿಕೆ ಹೆಚ್ಚುಕಡಿಮೆ ಒಂದೇ ಬರಬಹುದು. ಅಲ್ಲಿ ತಡೆಯಾಗಿರುವುದು ಕಾರ್ಡ್ ಅಲ್ಲ, ಸಾಮಾನ್ಯವಾಗಿ ಪ್ರೊಸೆಸರ್. ಆಗ ಹೆಚ್ಚು ಹರ್ಟ್ಸ್‌ಗೆ ದುಡ್ಡು ಸುರಿದು ಲಾಭವಿಲ್ಲ, ಹೆಚ್ಚು ಪಿಕ್ಸೆಲ್‌ಗೆ ಧಾರಾಳವಾಗಿ ಹೋಗಬಹುದು. ವೇಗವೇ ಮುಖ್ಯವಾದ ಶೂಟಿಂಗ್ ಗೇಮ್‌ಗಳಲ್ಲಿ ಇದೇ ಕಾರ್ಡ್ ಫುಲ್ ಎಚ್‌ಡಿಯಲ್ಲಿ 144 ದಾಟುತ್ತಿದ್ದರೆ, ಅದೇ ರೆಸಲ್ಯೂಷನ್‌ನ ವೇಗದ ಮಾನಿಟರ್ ಸಾಕು.

ಹೊಸ ಮಾನಿಟರ್ ಜೋಡಿಸಿದ ಮೇಲೆ ವಿಂಡೋಸ್‌ನ Advanced display ಪುಟವನ್ನೊಮ್ಮೆ ತೆರೆದು ನೋಡಿ. ಎಷ್ಟೋ ಸಲ ಅಲ್ಲಿ ಇನ್ನೂ 60 ಹರ್ಟ್ಸ್ ಎಂದೇ ಇರುತ್ತದೆ. ನೀವೇ ಬದಲಿಸುವವರೆಗೆ ಹೊಸ ವೇಗ ಕಣ್ಣಿಗೆ ಬೀಳದು.