ನೈಟ್ರೋಜನ್ ಹೊರಟರೆ ಒಂದು, ಉಳಿದರೆ ಇನ್ನೊಂದು

ಎರಡನೇ ಪಿಯುಸಿಯ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಐಸ್ ತರಿಸಲೇಬೇಕಾದ ಪ್ರಯೋಗ ಒಂದಿದೆ. ಅನಿಲೀನ್ ದ್ರಾವಣವನ್ನು ತಣ್ಣಗೆ ಮಾಡಿ, ಒಂದಾದ ಮೇಲೊಂದರಂತೆ ಎರಡು ದ್ರಾವಣ ಬೆರೆಸಿದರೆ ಪ್ರನಾಳದ ತುಂಬ ಕಿತ್ತಳೆಗೆಂಪು ಬಣ್ಣ ಬರುತ್ತದೆ. ಐಸ್ ಇಲ್ಲದೆ ಮಾಡಿದರೆ ಒಂದಷ್ಟು ಗುಳ್ಳೆ ಬಂದು ಬಣ್ಣ ಮಂಕಾಗುತ್ತದೆ. ಇಷ್ಟಕ್ಕೆಲ್ಲ ಕಾರಣ ಡಯಜೋನಿಯಂ ಲವಣ. 1858ರಲ್ಲಿ ಪೀಟರ್ ಗ್ರೀಸ್ ಎಂಬ ಜರ್ಮನ್ ರಸಾಯನಜ್ಞ ಇಂಥ ಡಯಜೋ ಸಂಯುಕ್ತಗಳನ್ನು ಮೊದಲು ಕಂಡುಹಿಡಿದ. ಮುಂದೆ ಅವನು ಇಂಗ್ಲೆಂಡಿನ ಒಂದು ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದುಕೊಂಡೇ ಇವುಗಳ ಅಧ್ಯಯನ ಮುಂದುವರಿಸಿದ.

ಲವಣ ತಯಾರಿಸುವುದು ಕಷ್ಟವಲ್ಲ, ಆದರೆ ಎಚ್ಚರ ಬೇಕು. ಸುಮಾರು 4.6 ಗ್ರಾಂ ಅನಿಲೀನನ್ನು 15 ಮಿಲಿಲೀಟರ್ ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಅಷ್ಟೇ ನೀರಿನಲ್ಲಿ ಕರಗಿಸಿ, ಬೀಕರನ್ನು ಐಸಿನಲ್ಲಿಟ್ಟು 5 ಡಿಗ್ರಿಗಿಂತ ಕೆಳಗಿಳಿಸುತ್ತಾರೆ. ಸುಮಾರು 3.5 ಗ್ರಾಂ ಸೋಡಿಯಂ ನೈಟ್ರೈಟನ್ನು ನೀರಿನಲ್ಲಿ ಕರಗಿಸಿ, ಕಲಕುತ್ತ ಹನಿಹನಿಯಾಗಿ ಸೇರಿಸುತ್ತಾರೆ. ಆಮ್ಲ ನೈಟ್ರೈಟನ್ನು ನೈಟ್ರಸ್ ಆಮ್ಲವಾಗಿಸುತ್ತದೆ, ಅದು ಅನಿಲೀನಿನ ನೈಟ್ರೋಜನ್‌ಗೆ ಇನ್ನೊಂದು ನೈಟ್ರೋಜನ್ ಜೋಡಿಸುತ್ತದೆ. ಸಾಕಾಯಿತೇ ಎಂದು ತಿಳಿಯಲು ಪಿಷ್ಟ-ಅಯೊಡೈಡ್ ಕಾಗದಕ್ಕೆ ಒಂದು ಹನಿ ಮುಟ್ಟಿಸಬೇಕು. ಕಾಗದ ತಕ್ಷಣ ನೀಲಿಗಪ್ಪಾದರೆ ನೈಟ್ರಸ್ ಆಮ್ಲ ಮಿಕ್ಕಿದೆ, ಕೆಲಸ ಮುಗಿದಿದೆ. ಆಮ್ಲ ಕಡಿಮೆ ಹಾಕಿದ್ದರೆ ಹಳದಿ ಗಷ್ಟು ಕೂರುತ್ತದೆ: ಆಗಷ್ಟೇ ಹುಟ್ಟಿದ ಲವಣ, ಇನ್ನೂ ಮಿಕ್ಕಿದ್ದ ಅನಿಲೀನಿಗೇ ಅಂಟಿಕೊಂಡಿರುತ್ತದೆ.

ಈಗ ಬೆಂಜೀನ್ ಉಂಗುರದ ಮೇಲೆ ಎರಡು ನೈಟ್ರೋಜನ್ ಪರಮಾಣುಗಳು ಜೊತೆಯಾಗಿ ಕೂತಿವೆ. ಅನಿಲವಾಗಿ ಹೊರಟುಬಿಡುವುದು ಅವಕ್ಕೆ ಬಲು ಸುಲಭ. ಹಾಗಾಗಿಯೇ ಈ ಐಸು. ಹಾಗಾಗಿಯೇ ಈ ಲವಣವನ್ನು ಸೋಸಿ ಒಣಗಿಸಲು ಯಾರೂ ಹೋಗುವುದಿಲ್ಲ. ಒಣಗಿದ ಡಯಜೋನಿಯಂ ಕ್ಲೋರೈಡ್ ಚೂರು ಉಜ್ಜಿದರೂ ಸಿಡಿಯಬಹುದು. ದ್ರಾವಣದಲ್ಲಿಯೇ, ಕೂಡಲೇ ಬಳಸಬೇಕು.

ನೈಟ್ರೋಜನ್ ಹೊರಡಲಿ ಎಂದಿದ್ದರೆ, ಅದರ ಜಾಗಕ್ಕೆ ಯಾರು ಬರಬೇಕೆಂಬುದನ್ನು ನಾವು ಮೊದಲೇ ತೀರ್ಮಾನಿಸಬೇಕು. ಬರೀ ಬಿಸಿ ಮಾಡಿದರೆ ನೀರು ಬಂದು ಫೀನಾಲ್ ಆಗುತ್ತದೆ, ಆಸ್ಪತ್ರೆಯ ವಾಸನೆ ಮೂಗಿಗೆ ಬಡಿಯುತ್ತದೆ. ಫೀನಾಲೇ ಬೇಕಿದ್ದರೆ ಹೈಡ್ರೋಕ್ಲೋರಿಕ್ ಬದಲು ಗಂಧಕಾಮ್ಲ ಬಳಸುವುದು ಜಾಣತನ, ಇಲ್ಲವಾದರೆ ಕ್ಲೋರೈಡ್ ಕೂಡ ಆ ಜಾಗಕ್ಕೆ ಪೈಪೋಟಿ ಮಾಡುತ್ತದೆ. ಪೊಟ್ಯಾಸಿಯಂ ಅಯೊಡೈಡ್ ಹಾಕಿದರೆ ಬೇರೆ ಯಾವ ನೆರವೂ ಬೇಡದೆ ಅಯೊಡೋಬೆಂಜೀನ್ ಬರುತ್ತದೆ.

ಕ್ಲೋರಿನ್, ಬ್ರೋಮಿನ್‌ಗಳಿಗೆ ಮಾತ್ರ ತಾಮ್ರದ ಸಹಾಯ ಬೇಕು. ಇದು ಗೊತ್ತಾದದ್ದು ಆಕಸ್ಮಿಕವಾಗಿ. 1884ರಲ್ಲಿ ಸ್ವಿಸ್ ರಸಾಯನಜ್ಞ ಟ್ರೌಗಾಟ್ ಸ್ಯಾಂಡ್‌ಮೇಯರ್ ತಾಮ್ರದ ಅಸಿಟಿಲೈಡ್ ಬಳಸಿ ಉಂಗುರಕ್ಕೆ ಅಸಿಟಿಲೀನ್ ಜೋಡಿಸಲು ಹೊರಟಿದ್ದ, ಸಿಕ್ಕಿದ್ದು ಕ್ಲೋರೋಬೆಂಜೀನ್. ಪಾತ್ರೆಯಲ್ಲೇ ಹುಟ್ಟಿದ ಕ್ಯೂಪ್ರಸ್ ಕ್ಲೋರೈಡ್ ಈ ಕೆಲಸ ಮಾಡಿದೆ ಎಂದು ಅವನು ಗುರುತಿಸಿದ. ಆ ತಾಮ್ರ ಒಂದು ಎಲೆಕ್ಟ್ರಾನ್ ಕೊಟ್ಟು ನೈಟ್ರೋಜನನ್ನು ಕಳಚುತ್ತದೆ, ತೆರವಾದ ಜಾಗಕ್ಕೆ ಕ್ಲೋರಿನ್ ಬರುತ್ತದೆ. ಕ್ಲೋರೋಬೆಂಜೀನೊಂದೇ ಬೇಕಿದ್ದರೆ ಬೆಂಜೀನಿಗೆ ನೇರವಾಗಿ ಕ್ಲೋರಿನ್ ಹಾಯಿಸಬಹುದು. ಆದರೆ ಟಾಲ್ವೀನ್‌ಗೆ ಹಾಗೆ ಮಾಡಿದರೆ ಕ್ಲೋರಿನ್ ಒಮ್ಮೆ ಪಕ್ಕದ ಜಾಗದಲ್ಲಿ, ಒಮ್ಮೆ ಎದುರಿನ ಜಾಗದಲ್ಲಿ ಕೂತು ಮಿಶ್ರಣವಾಗುತ್ತದೆ, ಅದನ್ನು ಬೇರ್ಪಡಿಸುವುದು ರೇಜಿಗೆ. ಪ್ಯಾರಾ-ಟಾಲ್ಯುಡೀನ್‌ನಿಂದ ಹೊರಟರೆ ಎದುರಿನ ಜಾಗದಲ್ಲಿ ಮೊದಲೇ ನೈಟ್ರೋಜನ್ ಇರುತ್ತದೆ, ಕ್ಲೋರಿನ್ ಅಲ್ಲಿಗೇ ಬರುತ್ತದೆ. ಸ್ಯಾಂಡ್‌ಮೇಯರ್ ಕ್ರಿಯೆಗೆ ಬೆಲೆ ಬಂದದ್ದು ಇದರಿಂದ.

ಬಣ್ಣಕ್ಕಾದರೆ ನೈಟ್ರೋಜನ್ ಉಳಿಯಬೇಕು. ತಣ್ಣಗಿನ ಲವಣವನ್ನು ಕ್ಷಾರದಲ್ಲಿ ಕರಗಿಸಿದ 2-ನ್ಯಾಫ್ತಾಲ್‌ಗೆ ಸುರಿದರೆ ಎರಡು ನೈಟ್ರೋಜನ್‌ಗಳೂ ಎರಡು ಉಂಗುರಗಳ ನಡುವೆ ಸೇತುವೆಯಾಗುತ್ತವೆ. ಎರಡೂ ಕಡೆಯ ಎಲೆಕ್ಟ್ರಾನ್‌ಗಳು ಒಂದೇ ಹರವಿಗೆ ಬಂದು, ಬೆಳಕಿನ ನೀಲಿ-ಹಸಿರು ಭಾಗವನ್ನು ಹೀರಿಕೊಳ್ಳುತ್ತವೆ. ನಮಗೆ ಕಿತ್ತಳೆಗೆಂಪು ಕಾಣುತ್ತದೆ. ಆಮ್ಲ ಹೆಚ್ಚಾಗಿ ಉಳಿದಿದ್ದರೆ ನ್ಯಾಫ್ತಾಲ್ ಮಂದವಾಗುತ್ತದೆ, ಕ್ಷಾರ ಅತಿಯಾದರೆ ಡಯಜೋನಿಯಮ್ಮೇ ರೂಪ ಬದಲಿಸಿ ಸುಮ್ಮನಾಗುತ್ತದೆ. ಹದ ಎರಡರ ನಡುವೆ ಇದೆ.

ಅನಿಲೀನ್ ಬದಲು ಪ್ಯಾರಾ-ನೈಟ್ರೋಅನಿಲೀನ್ ತೆಗೆದುಕೊಂಡರೆ ಬರುವುದು ಪ್ಯಾರಾ ರೆಡ್. ಇದು ನೀರಿನಲ್ಲಿ ಕರಗದು. ಆದ್ದರಿಂದ ಹತ್ತಿ ಬಟ್ಟೆಯನ್ನು ಮೊದಲು ನ್ಯಾಫ್ತಾಲಿನಲ್ಲಿ ನೆನೆಸಿ, ಆಮೇಲೆ ಐಸಿನಂತಿರುವ ಡಯಜೋನಿಯಂ ದ್ರಾವಣದಲ್ಲಿ ಅದ್ದುತ್ತಿದ್ದರು. ಬಣ್ಣ ನೂಲಿನೊಳಗೇ ಹುಟ್ಟುತ್ತಿತ್ತು, ಒಗೆದರೂ ಸುಲಭವಾಗಿ ಹೋಗುತ್ತಿರಲಿಲ್ಲ.

ಅನಿಲೀನ್-ನ್ಯಾಫ್ತಾಲ್ ಬಣ್ಣದ ಹೆಸರು ಸುಡಾನ್-1. ಅದೂ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಮೆಣಸಿನ ಪುಡಿಗೆ ಕೆಂಪು ಹೆಚ್ಚಿಸಲು ಕಲಬೆರಕೆದಾರರು ಕೈಹಾಕಿದ್ದು ಇದಕ್ಕೇ. 2003ರಲ್ಲಿ ಭಾರತದಿಂದ ಹೋದ ಮೆಣಸಿನ ಸರಕಿನಲ್ಲಿ ಇದನ್ನು ಫ್ರಾನ್ಸ್ ಪತ್ತೆಹಚ್ಚಿದ ಮೇಲೆ, ಯುರೋಪ್ ಒಕ್ಕೂಟ ಆಮದಾಗುವ ಮೆಣಸಿನಕಾಯಿ ಪದಾರ್ಥಗಳಿಗೆ ತಪಾಸಣಾ ಪತ್ರ ಕಡ್ಡಾಯ ಮಾಡಿತು. ಇಲಿಗಳ ಮೇಲಿನ ಪರೀಕ್ಷೆಗಳಲ್ಲಿ ಸುಡಾನ್-1 ಪಿತ್ತಜನಕಾಂಗದ ಗಂಟುಗಳಿಗೆ ಕಾರಣವಾಗಿತ್ತು. ಆಹಾರದಲ್ಲಿ ಅದನ್ನು ಬಳಸಲು ಭಾರತದಲ್ಲೂ ಅನುಮತಿ ಇಲ್ಲ.