ಹೊಲಕ್ಕೆ ಬಿದ್ದ ತಂತಿಯ ಲೆಕ್ಕ

ಗಾಳಿಮಳೆಗೆ 11 ಕೆವಿ ಲೈನಿನ ತಂತಿಯೊಂದು ತುಂಡಾಗಿ ಹೊಲಕ್ಕೆ ಬಿತ್ತೆನ್ನಿ. ಹತ್ತು ಕಿಲೋಮೀಟರ್ ಆಚೆಯ ಸಬ್‌ಸ್ಟೇಷನ್ನಿನಲ್ಲಿ ಬ್ರೇಕರ್ ಆ ಕ್ಷಣವೇ ಟ್ರಿಪ್ ಆಗುತ್ತದೆಂದು ನಾವು ನಂಬಿರುತ್ತೇವೆ. ಹಲವು ಬಾರಿ ಹಾಗೇ ಆಗುತ್ತದೆ. ಕೆಲವು ಬಾರಿ ಆಗುವುದಿಲ್ಲ. ತಂತಿ ಮಣ್ಣಿನ ಮೇಲೆ ಜೀವಂತವಾಗಿಯೇ ಬಿದ್ದಿರುತ್ತದೆ. ಇದಕ್ಕೆ ಕಾರಣ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಓದುವ ಫಾಲ್ಟ್ ಅಧ್ಯಾಯದಲ್ಲಿದೆ. ಅದರಲ್ಲಿ ಪುಟಗಟ್ಟಲೆ ಸಮೀಕರಣಗಳಿದ್ದರೂ ಕೇಳುವ ಪ್ರಶ್ನೆಗಳು ಮೂರೇ: ಏನು ಕೆಟ್ಟಿದೆ, ಆಗ ಎಷ್ಟು ಕರೆಂಟ್ ಹರಿಯುತ್ತದೆ, ಅದನ್ನು ರಿಲೇ ಹೇಗೆ ಗುರುತಿಸುತ್ತದೆ.

ಫಾಲ್ಟ್ ಎಷ್ಟು ಬಗೆ?

ಕರೆಂಟ್ ತನ್ನ ದಾರಿ ಬಿಟ್ಟು ಅಡ್ಡದಾರಿ ಹಿಡಿದರೆ ಅದು ಶಾರ್ಟ್ ಸರ್ಕ್ಯೂಟ್. ಮೂರು ಫೇಸಿನ ಲೈನಿನಲ್ಲಿ ಇದು ನಾಲ್ಕು ರೀತಿಯಲ್ಲಿ ಆಗಬಹುದು. ಒಂದು ಫೇಸ್ ನೆಲಕ್ಕೆ ತಾಗುವುದು, ಎರಡು ಫೇಸ್ ಒಂದಕ್ಕೊಂದು ತಾಗುವುದು, ಎರಡು ಫೇಸ್ ಕೂಡಿ ನೆಲಕ್ಕೂ ತಾಗುವುದು, ಮೂರೂ ಫೇಸ್ ಒಂದಾಗುವುದು. ಓವರ್‌ಹೆಡ್ ಲೈನುಗಳಲ್ಲಿ ಅತಿ ಹೆಚ್ಚು ಕಾಣುವುದು ಮೊದಲನೆಯದು: ಮರದ ಕೊಂಬೆ ತಾಗಿದ್ದು, ಇನ್ಸುಲೇಟರ್ ಒಡೆದದ್ದು, ತಂತಿ ಕಡಿದು ಬಿದ್ದದ್ದು. ಮೂರೂ ಫೇಸ್ ಒಂದಾಗುವುದು ಅಪರೂಪ, ಆದರೆ ಸಾಮಾನ್ಯವಾಗಿ ಅದೇ ಅತ್ಯಂತ ಉಗ್ರ. ಇವಲ್ಲದೆ ತಂತಿ ಬರೀ ತುಂಡಾಗಿ, ಯಾವುದಕ್ಕೂ ತಾಗದೆ ನೇತಾಡುವುದೂ ಉಂಟು. ಆಗ ಕರೆಂಟ್ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ.

ಲೆಕ್ಕದ ನಾಲ್ಕು ಹೆಜ್ಜೆ

ಒಂದು ಸಣ್ಣ ಸಬ್‌ಸ್ಟೇಷನ್ ತೆಗೆದುಕೊಳ್ಳೋಣ. ಅಲ್ಲಿ 33 ಕೆವಿಯನ್ನು 11 ಕೆವಿಗೆ ಇಳಿಸುವ 5 ಎಂವಿಎ ಟ್ರಾನ್ಸ್‌ಫಾರ್ಮರ್ ಇದೆ.

ಮೊದಲ ಹೆಜ್ಜೆ, ಎಲ್ಲಕ್ಕೂ ಒಂದೇ ಅಳತೆಗೋಲು ಹಿಡಿಯುವುದು. ಇಲ್ಲಿ 5 ಎಂವಿಎಯೇ ಅಳತೆ. 11 ಕೆವಿಯಲ್ಲಿ ಇದರ ಪೂರ್ಣ ಲೋಡಿನ ಕರೆಂಟ್ 262 ಆಂಪಿಯರ್.

ಎರಡನೆಯದು, ದಾರಿಯಲ್ಲಿರುವ ಪ್ರತಿಯೊಂದರ ತಡೆಯನ್ನೂ ಅದೇ ಅಳತೆಯಲ್ಲಿ ಶೇಕಡಾವಾರು ಬರೆಯುವುದು. 33 ಕೆವಿ ಕಡೆಯ ಗ್ರಿಡ್ 500 ಎಂವಿಎ ಫಾಲ್ಟ್ ಸಾಮರ್ಥ್ಯದ್ದಾದರೆ ಅದರ ಪಾಲು 5 ಭಾಗಿಸು 500, ಅಂದರೆ ಶೇಕಡಾ 1. ಟ್ರಾನ್ಸ್‌ಫಾರ್ಮರಿನದು ಶೇಕಡಾ 7 ಎಂದುಕೊಳ್ಳೋಣ. ಈ ಅಂಕಿ ಅದರ ನೇಮ್‌ಪ್ಲೇಟಿನ ಮೇಲೆಯೇ ಇರುತ್ತದೆ. ಹತ್ತು ಕಿಲೋಮೀಟರ್ ಲೈನಿನ ತಡೆ ಸುಮಾರು 6 ಓಮ್ ಆದರೆ, ನಮ್ಮ ಅಳತೆಯಲ್ಲಿ ಅದು ಶೇಕಡಾ 25.

ಮೂರನೆಯದು, ಫಾಲ್ಟ್ ಆದ ಜಾಗದವರೆಗಿನ ತಡೆಗಳನ್ನು ಕೂಡಿಸಿ ಭಾಗಿಸುವುದು. ಸಬ್‌ಸ್ಟೇಷನ್ನಿನ ಬಾಗಿಲಲ್ಲೇ ಮೂರೂ ಫೇಸ್ ಒಂದಾದರೆ ಒಟ್ಟು ತಡೆ ಶೇಕಡಾ 8, 262ನ್ನು 0.08ರಿಂದ ಭಾಗಿಸಿದರೆ ಸುಮಾರು 3,300 ಆಂಪಿಯರ್. ಇದೇ ಲೈನಿನ ತುದಿಯಲ್ಲಾದರೆ ತಡೆ ಶೇಕಡಾ 33, ಕರೆಂಟ್ ಸುಮಾರು 800 ಆಂಪಿಯರ್. ಕೋನಗಳ ಸೂಕ್ಷ್ಮವನ್ನು ಬಿಟ್ಟ ಒರಟು ಲೆಕ್ಕವಿದು. ಮೊದಲ ಅಂಕಿ ಬ್ರೇಕರ್ ಎಷ್ಟು ಗಟ್ಟಿಯಿರಬೇಕೆಂದು ಹೇಳುತ್ತದೆ, ಎರಡನೆಯದು ರಿಲೇ ಎಷ್ಟು ಸೂಕ್ಷ್ಮವಿರಬೇಕೆಂದು.

ನಾಲ್ಕನೆಯದು, ಒಂದೇ ಫೇಸ್ ಕೆಟ್ಟಾಗಿನ ಲೆಕ್ಕ. ಮೂರು ಫೇಸುಗಳು ಸಮವಾಗಿಲ್ಲದಿದ್ದರೆ ಸರಳ ಭಾಗಾಕಾರ ನಡೆಯದು. ಇದಕ್ಕೆ 1918ರಲ್ಲಿ ದಾರಿ ತೋರಿದವರು ಚಾರ್ಲ್ಸ್ ಫೋರ್ಟೆಸ್ಕ್ಯೂ. ಮೂರು ಅಸಮ ಕರೆಂಟುಗಳನ್ನು ಮೂರು ಸಮ ಗುಂಪುಗಳ ಮೊತ್ತವಾಗಿ ಬಿಡಿಸಬಹುದೆಂದು ಅವರು ತೋರಿಸಿದರು: ಸರಿ ಸರದಿಯಲ್ಲಿ ತಿರುಗುವ ಒಂದು ಗುಂಪು, ತಿರುವು ಸರದಿಯ ಒಂದು ಗುಂಪು, ಮೂರೂ ಫೇಸಿನಲ್ಲಿ ಒಂದೇ ಸಮ ಏರಿಳಿಯುವ ಶೂನ್ಯ ಗುಂಪು. ನೆಲದ ಮೂಲಕ ಮರಳುವುದು ಈ ಶೂನ್ಯ ಗುಂಪಿನದು. ಒಂದು ಫೇಸ್ ನೆಲಕ್ಕೆ ತಾಗಿದಾಗ ಮೂರೂ ಗುಂಪಿನ ತಡೆಗಳನ್ನು ಸಾಲಾಗಿ ಕೂಡಿಸಬೇಕು. ನಮ್ಮ ಲೈನಿನ ತುದಿಯಲ್ಲಿ ಮೊದಲೆರಡು ತಲಾ ಶೇಕಡಾ 33. ನೆಲದ ದಾರಿಯಲ್ಲಿ ಲೈನಿನ ತಡೆ ಸುಮಾರು ಮೂರು ಪಟ್ಟಾಗುವುದರಿಂದ ಶೂನ್ಯ ಗುಂಪಿನದು ಶೇಕಡಾ 82. ಒಟ್ಟು 148. ಪೂರ್ಣ ಲೋಡಿನ ಮೂರು ಪಟ್ಟನ್ನು 1.48ರಿಂದ ಭಾಗಿಸಿದರೆ ಸುಮಾರು 530 ಆಂಪಿಯರ್.

ಆದರೆ ಈ 530 ಬರುವುದು ನೆಲದ ಸಂಪರ್ಕಕ್ಕೆ ತಡೆಯೇ ಇಲ್ಲವೆಂದುಕೊಂಡಾಗ. ಒಣ ಮಣ್ಣಿನ ಮೇಲೆ ಬಿದ್ದ ತಂತಿಗೆ 200 ಓಮ್ ತಡೆ ಸಿಕ್ಕಿತೆನ್ನಿ. ಫೇಸಿನಿಂದ ನೆಲಕ್ಕೆ ಇರುವುದು 6,350 ವೋಲ್ಟ್. ಹರಿಯುವುದು ಸುಮಾರು 30 ಆಂಪಿಯರ್ ಮಾತ್ರ, ಅಂದರೆ ಆ ಫೀಡರಿನ ದಿನನಿತ್ಯದ ಲೋಡಿಗಿಂತಲೂ ಕಡಿಮೆ.

ರಿಲೇ ಏನನ್ನು ನೋಡುತ್ತದೆ?

ಓವರ್‌ಕರೆಂಟ್ ರಿಲೇ ನೋಡುವುದು ಕರೆಂಟ್ ಮಿತಿ ಮೀರಿತೇ ಎಂಬುದನ್ನು. ಮಿತಿಯನ್ನು 200 ಆಂಪಿಯರಿಗೆ ಇಟ್ಟರೆ, ಒಂದು ಸಾಮಾನ್ಯ ಸೆಟ್ಟಿಂಗಿನಲ್ಲಿ, ಅದು 800 ಆಂಪಿಯರಿಗೆ ಸುಮಾರು ಅರ್ಧ ಸೆಕೆಂಡಿನಲ್ಲಿ, 3,300ಕ್ಕೆ ಕಾಲು ಸೆಕೆಂಡಿನಲ್ಲಿ ಟ್ರಿಪ್ ಆದೇಶ ಕೊಡುತ್ತದೆ. ಕರೆಂಟ್ ಹೆಚ್ಚಿದಷ್ಟೂ ಬೇಗ. ಹಿಂದಿನ ರಿಲೇಯನ್ನು ಸುಮಾರು 0.3 ಸೆಕೆಂಡ್ ತಡವಾಗಿ ಕೆಲಸ ಮಾಡುವಂತೆ ಇಟ್ಟಿರುತ್ತಾರೆ. ಹಾಗಾಗಿ ಕೆಟ್ಟ ಫೀಡರ್ ಮಾತ್ರ ಕಡಿದುಕೊಂಡು ಉಳಿದ ಊರುಗಳಿಗೆ ಕರೆಂಟ್ ಇರುತ್ತದೆ. ಆದರೆ ಹೊಲಕ್ಕೆ ಬಿದ್ದ ತಂತಿಯ 30 ಆಂಪಿಯರ್ ಇದರ ಲೆಕ್ಕಕ್ಕೇ ಬರುವುದಿಲ್ಲ.

ಅದಕ್ಕೇ ಅರ್ಥ್ ಫಾಲ್ಟ್ ರಿಲೇ. ಅದು ಮೂರೂ ಫೇಸಿನ ಕರೆಂಟುಗಳ ಮೊತ್ತವನ್ನು ನೋಡುತ್ತದೆ. ಲೈನ್ ಸರಿಯಿದ್ದಾಗ ಲೋಡ್ ಎಷ್ಟೇ ಇರಲಿ, ಮೊತ್ತ ಹೆಚ್ಚುಕಡಿಮೆ ಸೊನ್ನೆ. ನೆಲಕ್ಕೆ ಸೋರಿದ್ದು ಮಾತ್ರ ಉಳಿಯುತ್ತದೆ. ಆದ್ದರಿಂದ ಇದನ್ನು 20 ಆಂಪಿಯರಿಗೂ ಸೆಟ್ ಮಾಡಬಹುದು. ಆಗ ನಮ್ಮ ತಂತಿ ಸಿಕ್ಕಿಬೀಳುತ್ತದೆ. 40ಕ್ಕೆ ಇಟ್ಟಿದ್ದರೆ ತಪ್ಪಿಸಿಕೊಳ್ಳುತ್ತದೆ.

ಟ್ರಾನ್ಸ್‌ಫಾರ್ಮರಿನ ಒಳಗಿನ ಫಾಲ್ಟಿಗೆ ಡಿಫರೆನ್ಷಿಯಲ್ ರಿಲೇ. ಕಾಲುವೆಗೆ ಬಿಟ್ಟ ನೀರನ್ನೂ ತುದಿಗೆ ತಲುಪಿದ ನೀರನ್ನೂ ಅಳೆದು ನಡುವಿನ ಸೋರಿಕೆ ಹಿಡಿಯುವಂತೆ, ಒಳಹೋದ ಮತ್ತು ಹೊರಬಂದ ಕರೆಂಟುಗಳನ್ನು ಹೋಲಿಸುತ್ತದೆ. ಹೊರಗೆಲ್ಲೋ ಫಾಲ್ಟ್ ಆದರೆ ಎರಡೂ ಕಡೆ ಒಟ್ಟಿಗೆ ಹೆಚ್ಚುತ್ತವೆ, ರಿಲೇ ಸುಮ್ಮನಿರುತ್ತದೆ. ಎಣ್ಣೆ ತುಂಬಿದ ಟ್ರಾನ್ಸ್‌ಫಾರ್ಮರಿನಲ್ಲಿ ಬುಖೋಲ್ಟ್ಸ್ ರಿಲೇಯೂ ಇರುತ್ತದೆ. ಒಳಗೆ ಸುಟ್ಟ ಎಣ್ಣೆಯಿಂದ ಎದ್ದ ಗ್ಯಾಸನ್ನು ಕಂಡು ಅದು ಎಚ್ಚರಿಸುತ್ತದೆ.

220 ಕೆವಿಯಂಥ ಉದ್ದದ ಲೈನುಗಳಿಗೆ ಡಿಸ್ಟೆನ್ಸ್ ರಿಲೇ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ತಡೆ, ತಡೆಯಿಂದ ದೂರ ತಿಳಿಯುತ್ತದೆ. ಲೈನಿನ ಮೊದಲ ಶೇಕಡಾ 80ರಷ್ಟು ಭಾಗದಲ್ಲಿ ಫಾಲ್ಟ್ ಇದ್ದರೆ ಕಾಯದೆ ಟ್ರಿಪ್ ಮಾಡುತ್ತದೆ. ಉಳಿದದ್ದಕ್ಕೆ ಸ್ವಲ್ಪ ಕಾಯುತ್ತದೆ, ಏಕೆಂದರೆ ಅಳತೆಯ ಸಣ್ಣ ತಪ್ಪಿನಿಂದ ಮುಂದಿನ ಲೈನಿನ ಫಾಲ್ಟಿಗೆ ಈ ಲೈನ್ ಬಿದ್ದುಹೋಗಬಾರದು.

ರಿಲೇಗೂ ಕಾಣದ್ದು

ಮತ್ತೆ ಹೊಲಕ್ಕೆ ಬರೋಣ. ಒಣ ಮರಳು, ಡಾಂಬರು ರಸ್ತೆಯ ಮೇಲೆ ಬಿದ್ದ ತಂತಿಯಲ್ಲಿ ಕೆಲವೇ ಆಂಪಿಯರ್ ಹರಿಯಬಹುದು. ಅರ್ಥ್ ಫಾಲ್ಟ್ ರಿಲೇಗೂ ಅದು ಸಿಗದು. ರಿಲೇಯನ್ನು ಇನ್ನೂ ಸೂಕ್ಷ್ಮ ಮಾಡಿದರೆ ಫೇಸುಗಳ ಸಹಜ ಏರುಪೇರಿಗೂ ಫೀಡರ್ ಬೀಳುತ್ತಿರುತ್ತದೆ. ಇನ್ನೂ ಮೋಸದ್ದು, ಕಡಿದ ತಂತಿಯ ಊರಿನ ಕಡೆಯ ತುಂಡು ನೆಲಕ್ಕೆ ಬೀಳುವುದು. ಸಬ್‌ಸ್ಟೇಷನ್ ಜೊತೆ ಅದಕ್ಕೆ ನೇರ ಸಂಪರ್ಕವಿಲ್ಲ, ಆದರೆ ಮುಂದಿರುವ ಟಿಸಿಯ ಸುರುಳಿಗಳ ಮೂಲಕ ಉಳಿದೆರಡು ಫೇಸುಗಳ ವೋಲ್ಟೇಜ್ ಹಿಮ್ಮುಖವಾಗಿ ಬರುತ್ತದೆ. ರಿಲೇಗೆ ಕಾಣದಷ್ಟು ಸಣ್ಣ ಕರೆಂಟಾದರೂ ಮನುಷ್ಯನ ಜೀವ ತೆಗೆಯಲು ಅದು ಧಾರಾಳ ಸಾಕು.

ಟ್ರಿಪ್ ಆದ ಮೇಲೂ ನೆಮ್ಮದಿಯಿಲ್ಲ. ಕೊಂಬೆ ತಾಗಿ ಬಿಟ್ಟಂಥ ಫಾಲ್ಟುಗಳು ತಾವಾಗಿಯೇ ಹೋಗುವುದರಿಂದ ಲೈನನ್ನು ಮತ್ತೊಮ್ಮೆ ಚಾರ್ಜ್ ಮಾಡಿ ನೋಡುವ ಕ್ರಮವಿದೆ. ಸತ್ತಂತಿದ್ದ ತಂತಿಗೆ ಆಗ ಮತ್ತೆ ಕರೆಂಟ್ ಬರುತ್ತದೆ.

ಹೀಗಾಗಿ ಕಿಡಿ ಕಾಣುತ್ತಿಲ್ಲ, ಮನೆಯಲ್ಲಿ ಕರೆಂಟ್ ಇಲ್ಲ ಎಂಬ ಯಾವ ಗುರುತನ್ನೂ ನಂಬಬೇಡಿ. ಬಿದ್ದ ತಂತಿಯ ಹತ್ತಿರ ಹೋಗಬೇಡಿ, ಜನ, ದನಕರುಗಳನ್ನು ಬಿಡಬೇಡಿ, ಕೋಲಿನಿಂದ ಸರಿಸಲೂ ಬೇಡಿ. 1912ಕ್ಕೆ ಕರೆ ಮಾಡಿ, ಲೈನ್‌ಮನ್ ಬಂದು ಲೈನ್ ಆಫ್ ಮಾಡಿಸಿ ಅರ್ಥ್ ಮಾಡುವವರೆಗೂ ಅದರಲ್ಲಿ ಕರೆಂಟ್ ಇದೆಯೆಂದೇ ತಿಳಿಯಿರಿ.